ಕಾಗದ ಬಂದ ದಾರಿ, ಹಣ ಹೋದ ದಾರಿ: ಲೆಕ್ಕಪರಿಶೋಧನೆಯ ಕಿರು ಪ್ರಶ್ನೆಗಳನ್ನು ಬಿಡಿಸುವ ಬಗೆ

ಲೆಕ್ಕಪರಿಶೋಧನೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ನನಗೆ ಪದೇ ಪದೇ ಎದುರಾಗುವ ವಾಕ್ಯವೊಂದಿದೆ: ‘ಇಲ್ಲಿ ಆಂತರಿಕ ನಿಯಂತ್ರಣ ದುರ್ಬಲವಾಗಿರುವುದರಿಂದ ವಂಚನೆ ನಡೆಯುವ ಸಾಧ್ಯತೆ ಇದೆ.’ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಸಂಬಳದ ಪ್ರಶ್ನೆಗೂ ಅಂಟಿಸಬಹುದು, ಖರೀದಿಯ ಪ್ರಶ್ನೆಗೂ ಅಂಟಿಸಬಹುದು, ಗೋದಾಮಿನ ಪ್ರಶ್ನೆಗೂ ಅಂಟಿಸಬಹುದು. ಎಲ್ಲ ಬೀಗಕ್ಕೂ ಆಗುವ ಕೀಲಿಗೆ ಅಂಕ ಕೊಡುವುದು ಕಷ್ಟ. ಇದರ ಜೋಡಿ ವಾಕ್ಯ ಸಾಕ್ಷ್ಯದ ಪ್ರಶ್ನೆಗಳಲ್ಲಿ ಬರುತ್ತದೆ: ‘ಲೆಕ್ಕಪರಿಶೋಧಕನು ಸಾಕಷ್ಟು ಮತ್ತು ಸೂಕ್ತ ಸಾಕ್ಷ್ಯವನ್ನು ಪಡೆಯಬೇಕು.’ ಪಡೆಯಲಿ, ಯಾರು ಬೇಡವೆಂದರು? ಯಾವುದನ್ನು, ಯಾರಿಂದ, ಏನನ್ನು ಸಾಬೀತುಪಡಿಸುವುದಕ್ಕೆ ಎಂಬುದೇ ಪ್ರಶ್ನೆ.

ಮೂರು ನಾಲ್ಕು ಸಾಲಿನ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡರೆ ಎಲ್ಲಿಂದ ಶುರುಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಮೊದಲು ಸಾಕ್ಷ್ಯ, ಆಮೇಲೆ ನಿಯಂತ್ರಣದ ದೌರ್ಬಲ್ಯ, ಕೊನೆಗೆ ಎರಡೂ ಒಂದೇ ಪ್ರಶ್ನೆಯಲ್ಲಿ ಸೇರಿಕೊಂಡಾಗ ಆಗುವ ಪೇಚಾಟ. ವಿವರವಾಗಿ ಬಿಡಿಸಲು ಗ್ರಾಹಕರಿಂದ ಬರುವ ಹಣದ ಪ್ರಕರಣವನ್ನು ಆರಿಸಿಕೊಂಡಿದ್ದೇನೆ. ನೋಡುವುದಕ್ಕೆ ಸುಲಭ, ಆದರೆ ಚೆನ್ನಾಗಿ ಓದಿಕೊಂಡವರೇ ಅದರಲ್ಲಿ ಜಾರುತ್ತಾರೆ.

ಮೊದಲ ಹೆಜ್ಜೆ: ಕಾಗದದ ಹುಟ್ಟು ಮತ್ತು ಪ್ರಯಾಣ

ಪ್ರಶ್ನೆಯಲ್ಲಿ ಒಂದು ದಾಖಲೆಯ ಹೆಸರು ಕಂಡ ಕೂಡಲೇ ಎರಡು ವಿಷಯ ಕೇಳಿಕೊಳ್ಳಿ. ಅದನ್ನು ಬರೆದವರು ಯಾರು? ಪರಿಶೋಧಕರ ಮೇಜಿಗೆ ಬರುವ ಮುನ್ನ ಅದು ಯಾರ ಕೈ ಹಾದು ಬಂತು?

ಬಹಳ ಮಂದಿ ಮೊದಲ ಪ್ರಶ್ನೆಯನ್ನು ಮಾತ್ರ ಕೇಳಿಕೊಂಡು ನಿಲ್ಲುತ್ತಾರೆ. ‘ಬ್ಯಾಂಕ್ ಸ್ಟೇಟ್‌ಮೆಂಟ್ ಹೊರಗಿನ ದಾಖಲೆ, ಆದ್ದರಿಂದ ಹೆಚ್ಚು ನಂಬಲರ್ಹ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಬ್ಯಾಂಕೇ ಬರೆದದ್ದು ನಿಜ. ಆದರೆ ಅದು ಸಂಸ್ಥೆಯ ಫೈಲಿನಲ್ಲಿತ್ತೇ, ಲೆಕ್ಕಪತ್ರ ವಿಭಾಗದವರು ಕಂಪ್ಯೂಟರಿನಿಂದ ಇಳಿಸಿ ಮುದ್ರಿಸಿ ಕೊಟ್ಟರೇ, ಅಥವಾ ಬ್ಯಾಂಕ್ ನೇರವಾಗಿ ಪರಿಶೋಧಕರಿಗೆ ಕಳುಹಿಸಿತೇ? ಸಂಸ್ಥೆಯವರ ಕೈ ಹಾದು ಬಂದ ಪ್ರತಿಯಲ್ಲಿ ಒಂದು ಸಾಲನ್ನು ತಿದ್ದಲು ಅವಕಾಶ ಇತ್ತು. ನೇರವಾಗಿ ಬಂದ ಪತ್ರದಲ್ಲಿ ಆ ಅವಕಾಶ ಇರಲಿಲ್ಲ. ಒಂದೇ ಅಂಕಿ, ಒಂದೇ ಬ್ಯಾಂಕ್. ಆದರೂ ಎರಡರ ತೂಕ ಬೇರೆ.

ಈ ಎರಡು ಪ್ರಶ್ನೆ ಕೇಳಿದರೆ ನಂಬಿಕೆಯ ಮೆಟ್ಟಿಲುಗಳು ತಾವಾಗಿಯೇ ಮೂಡುತ್ತವೆ. ಪರಿಶೋಧಕರೇ ಮಾಡಿ ಅಥವಾ ನೋಡಿ ತಿಳಿದದ್ದು ಮತ್ತು ಹೊರಗಿನವರು ನೇರವಾಗಿ ಅವರಿಗೆ ಬರೆದದ್ದು ಮೇಲಿನ ಮೆಟ್ಟಿಲುಗಳು. ಹೊರಗೆ ಹುಟ್ಟಿ ಸಂಸ್ಥೆಯಲ್ಲಿ ಉಳಿದದ್ದು ಅದಕ್ಕಿಂತ ಕೆಳಗೆ. ಪೂರೈಕೆದಾರರ ಬಿಲ್ಲು ಇದಕ್ಕೆ ಉದಾಹರಣೆ. ಸಂಸ್ಥೆಯಲ್ಲೇ ಹುಟ್ಟಿ ಅಲ್ಲೇ ಉಳಿದದ್ದು ಇನ್ನೂ ಕೆಳಗೆ. ಹಾಜರಿ ಪಟ್ಟಿ, ಒಳಗಿನ ವೋಚರ್ ಇಂಥವು. ಬಾಯಿಮಾತಿನ ಉತ್ತರ ಎಲ್ಲಕ್ಕಿಂತ ಕೆಳಗೆ. ಒಳಗೆ ಹುಟ್ಟಿದ ಕಾಗದ ಹೊರಗೆ ಹೋಗಿ ಬಂದಿದ್ದರೆ ಅದರ ತೂಕ ಹೆಚ್ಚುತ್ತದೆ. ಸರಕು ತಲುಪಿಸಿದ ಚೀಟಿಯನ್ನು ಸಂಸ್ಥೆಯೇ ಬರೆದಿರುತ್ತದೆ, ಆದರೆ ಅದರ ಮೇಲೆ ಗ್ರಾಹಕರ ಸಹಿ ಬಿದ್ದ ಮೇಲೆ ಅದು ಬರೀ ಒಳಗಿನ ಕಾಗದವಲ್ಲ.

ಮೆಟ್ಟಿಲುಗಳನ್ನು ಕಂಠಪಾಠ ಮಾಡಿ ಕುರುಡಾಗಿ ಬಳಸಬೇಡಿ. ಅಂತರರಾಷ್ಟ್ರೀಯ ಲೆಕ್ಕಪರಿಶೋಧನಾ ಮಾನದಂಡ 500 ಇವನ್ನು ಸಾಮಾನ್ಯ ನಿಯಮ ಎಂದೇ ಹೇಳುತ್ತದೆ, ಅಪವಾದಗಳಿರಬಹುದು ಎಂದೂ ಎಚ್ಚರಿಸುತ್ತದೆ. ಹೊರಗಿನಿಂದ ಬಂದರೂ ವಿಷಯ ಗೊತ್ತಿಲ್ಲದವರು ಬರೆದು ಕಳುಹಿಸಿದ್ದರೆ ಆ ಪತ್ರಕ್ಕೆ ಬೆಲೆ ಕಡಿಮೆ. ಸಂಸ್ಥೆಯೊಳಗೇ ಹುಟ್ಟಿದ್ದರೂ ಅದನ್ನು ಹುಟ್ಟುಹಾಕುವ ವ್ಯವಸ್ಥೆಯ ಮೇಲೆ ಒಳ್ಳೆಯ ನಿಯಂತ್ರಣ ಇದ್ದರೆ ಅದಕ್ಕೆ ಬೆಲೆ ಹೆಚ್ಚು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಸಾಕ್ಷ್ಯದ ಪ್ರಶ್ನೆ ನಿಯಂತ್ರಣದ ಪ್ರಶ್ನೆಗೆ ಅಂಟಿಕೊಳ್ಳುವುದು ಇಲ್ಲಿಯೇ.

ಎರಡನೆಯ ಹೆಜ್ಜೆ: ಪರಿಶೋಧಕರ ಕೈ ಏನು ಮಾಡಿತು?

‘ಇದು ಯಾವ ಬಗೆಯ ಸಾಕ್ಷ್ಯ?’ ಎಂದು ಕೇಳಿದಾಗ ಅನೇಕ ಸಲ ಪ್ರಶ್ನೆ ಇರುವುದು ಕಾಗದದ ಬಗ್ಗೆಯಲ್ಲ, ಅದನ್ನು ಪಡೆದ ವಿಧಾನದ ಬಗ್ಗೆ. ಅದೇ ಮಾನದಂಡ ಹೇಳುವ ವಿಧಾನಗಳು ಏಳು: ಪರಿಶೀಲನೆ, ವೀಕ್ಷಣೆ, ಬಾಹ್ಯ ದೃಢೀಕರಣ, ಮರುಲೆಕ್ಕ, ಮರುನಿರ್ವಹಣೆ, ವಿಶ್ಲೇಷಣಾತ್ಮಕ ವಿಧಾನ, ವಿಚಾರಣೆ. ಪ್ರಶ್ನೆಯ ಕ್ರಿಯಾಪದಕ್ಕೆ ಗೆರೆ ಎಳೆದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧದಲ್ಲಿ ಮೂರು ಜೋಡಿಗಳು ಕಾಡುತ್ತವೆ.

ವೀಕ್ಷಣೆ ಮತ್ತು ಪರಿಶೀಲನೆ ಮೊದಲ ಜೋಡಿ. ದಾಸ್ತಾನು ಎಣಿಕೆಯ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಿಬ್ಬಂದಿ ಪೆಟ್ಟಿಗೆಗಳನ್ನು ಎಣಿಸಿ ಚೀಟಿ ಅಂಟಿಸುತ್ತಿದ್ದಾರೆ, ಪರಿಶೋಧಕರು ಪಕ್ಕದಲ್ಲಿ ನಿಂತು ನೋಡುತ್ತಿದ್ದಾರೆ. ಇದು ವೀಕ್ಷಣೆ, ಏಕೆಂದರೆ ಬೇರೆಯವರು ಮಾಡುವ ಕೆಲಸವನ್ನು ನೋಡುತ್ತಿದ್ದಾರೆ. ಅವರೇ ಒಂದು ಪೆಟ್ಟಿಗೆಯನ್ನು ತೆರೆದು ಒಳಗೆ ಸರಕು ಇದೆಯೇ ಎಂದು ನೋಡಿದರೆ ಅದು ಪರಿಶೀಲನೆ, ಏಕೆಂದರೆ ಈಗ ನೋಡುತ್ತಿರುವುದು ವಸ್ತುವನ್ನು. ವೀಕ್ಷಣೆಗೆ ಒಂದು ಹುಟ್ಟುಗುಣವಿದೆ: ಅದು ಆ ಗಳಿಗೆಗೆ ಮಾತ್ರ ಸಲ್ಲುತ್ತದೆ. ಯಾರೋ ನೋಡುತ್ತಿದ್ದಾರೆಂದು ಗೊತ್ತಾದಾಗ ಎಲ್ಲರೂ ಎಚ್ಚರದಿಂದ ಎಣಿಸುತ್ತಾರೆ. ಉತ್ತರದಲ್ಲಿ ಈ ಮಿತಿಯನ್ನು ಒಂದು ವಾಕ್ಯದಲ್ಲಿ ಹೇಳಿದರೆ ಓದುವವರಿಗೆ ನೀವು ವಿಷಯ ಬಲ್ಲವರೆಂದು ತಿಳಿಯುತ್ತದೆ.

ಎರಡನೆಯ ಜೋಡಿ ಮರುಲೆಕ್ಕ ಮತ್ತು ಮರುನಿರ್ವಹಣೆ. ಸಂಸ್ಥೆ ತಯಾರಿಸಿದ ಬ್ಯಾಂಕ್ ಹೊಂದಾಣಿಕೆ ಪಟ್ಟಿಯ ಅಂಕಿಗಳನ್ನು ಕೂಡಿಸಿ ಕಳೆದು ಮೊತ್ತ ಸರಿಯೇ ಎಂದು ನೋಡಿದರೆ ಮರುಲೆಕ್ಕ. ನಗದು ಪುಸ್ತಕ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟನ್ನು ಎದುರಿಗಿಟ್ಟುಕೊಂಡು ಆ ಪಟ್ಟಿಯನ್ನೇ ಮೊದಲಿನಿಂದ ತಾವಾಗಿ ತಯಾರಿಸಿದರೆ ಮರುನಿರ್ವಹಣೆ. ಮೊದಲನೆಯದು ಗಣಿತವನ್ನು ಪರೀಕ್ಷಿಸುತ್ತದೆ, ಎರಡನೆಯದು ಸಂಸ್ಥೆಯ ನಿಯಂತ್ರಣವನ್ನೇ ಮತ್ತೊಮ್ಮೆ ನಡೆಸಿ ನೋಡುತ್ತದೆ.

ಮೂರನೆಯದು ವಿಚಾರಣೆ ಮತ್ತು ಬಾಹ್ಯ ದೃಢೀಕರಣ. ಮಾನದಂಡ 505ರ ಪ್ರಕಾರ ಬಾಹ್ಯ ದೃಢೀಕರಣ ಎಂದರೆ ಮೂರನೆಯವರು ಲಿಖಿತವಾಗಿ, ನೇರವಾಗಿ ಪರಿಶೋಧಕರಿಗೆ ಕೊಡುವ ಉತ್ತರ. ಈ ಎರಡು ಷರತ್ತುಗಳಲ್ಲಿ ಒಂದು ತಪ್ಪಿದರೂ ಅದು ದೃಢೀಕರಣ ಅಲ್ಲ. ಗ್ರಾಹಕ ದೂರವಾಣಿಯಲ್ಲಿ ‘ಹೌದು, ಅಷ್ಟು ಬಾಕಿ ಇದೆ’ ಎಂದರೆ ಲಿಖಿತ ಎಂಬ ಷರತ್ತು ತಪ್ಪಿತು. ಗ್ರಾಹಕರ ಪತ್ರ ಸಂಸ್ಥೆಯ ವಿಳಾಸಕ್ಕೆ ಬಂದು, ಅಲ್ಲಿನವರು ಅದನ್ನು ತಂದುಕೊಟ್ಟರೆ ನೇರ ಎಂಬ ಷರತ್ತು ತಪ್ಪಿತು. ಪರೀಕ್ಷಕರಿಗೆ ಈ ಎರಡನೆಯ ತಿರುವು ಬಹಳ ಇಷ್ಟ. ‘ಗ್ರಾಹಕರಿಂದ ಬಂದ ಪತ್ರ’ ಎಂದಷ್ಟೇ ಓದಿ ಅವಸರದಲ್ಲಿ ಬಾಹ್ಯ ದೃಢೀಕರಣ ಎಂದು ಬರೆದುಬಿಡುತ್ತೇವೆ.

ವಿಶ್ಲೇಷಣಾತ್ಮಕ ವಿಧಾನದಲ್ಲಿ ಗೊಂದಲ ಕಡಿಮೆ. ಎರಡು ಅಂಕಿಗಳ ನಡುವೆ ಇರಬೇಕಾದ ಸಂಬಂಧವನ್ನು ಊಹಿಸಿ, ನಿಜವಾದ ಅಂಕಿಯೊಂದಿಗೆ ಹೋಲಿಸಿದರೆ ಅದು ವಿಶ್ಲೇಷಣೆ.

ಮೂರನೆಯ ಹೆಜ್ಜೆ: ಇದು ಯಾವುದಕ್ಕೆ ಸಾಕ್ಷಿ?

ಸಾಕ್ಷ್ಯ ನಂಬಲರ್ಹವಾಗಿದ್ದರೆ ಸಾಲದು, ಪ್ರಸ್ತುತವೂ ಆಗಿರಬೇಕು. ಎಷ್ಟೇ ಪ್ರಾಮಾಣಿಕ ಸಾಕ್ಷಿಯಾದರೂ ತಾನು ನೋಡಿಲ್ಲದ್ದನ್ನು ಹೇಳಲಾರ. ಗ್ರಾಹಕ ‘ನಾನು ಇಷ್ಟು ಕೊಡಬೇಕು’ ಎಂದು ನೇರವಾಗಿ ಬರೆದರೆ ಬಾಕಿ ಇರುವುದು ನಿಜ ಎಂದಾಯಿತು. ಅವನು ಕೊಡಬಲ್ಲನೇ ಎಂಬುದು ಆ ಪತ್ರದಿಂದ ತಿಳಿಯದು. ಬಾಕಿಯ ಅಸ್ತಿತ್ವ ಒಂದು, ಅದರ ಮೌಲ್ಯ ಇನ್ನೊಂದು. ಅದೇ ರೀತಿ ಯಂತ್ರವನ್ನು ಕಣ್ಣಾರೆ ನೋಡಿದರೆ ಯಂತ್ರ ಇದೆ ಎಂದು ಗೊತ್ತಾಗುತ್ತದೆಯೇ ಹೊರತು ಅದು ಸಂಸ್ಥೆಯದೇ ಎಂದಲ್ಲ, ಬಾಡಿಗೆಗೆ ತಂದದ್ದೂ ಆಗಿರಬಹುದು.

ದಿಕ್ಕನ್ನೂ ಗಮನಿಸಿ. ಲೆಡ್ಜರಿನ ನಮೂದಿನಿಂದ ಹೊರಟು ಅದರ ಹಿಂದಿನ ಬಿಲ್ಲನ್ನು ಹುಡುಕಿದರೆ, ಬರೆದದ್ದು ನಿಜವಾಗಿ ನಡೆದಿದೆಯೇ ಎಂದು ತಿಳಿಯುತ್ತದೆ. ಸರಕು ಕಳುಹಿಸಿದ ಚೀಟಿಯಿಂದ ಹೊರಟು ಲೆಡ್ಜರಿನಲ್ಲಿ ಅದನ್ನು ಹುಡುಕಿದರೆ, ನಡೆದದ್ದನ್ನೆಲ್ಲ ಬರೆದಿದ್ದಾರೆಯೇ ಎಂದು ತಿಳಿಯುತ್ತದೆ. ಕಾಗದಗಳು ಅವೇ, ನಡಿಗೆ ಮಾತ್ರ ತಿರುವುಮುರುವು. ಬಿಟ್ಟುಹೋದ ಮಾರಾಟವನ್ನು ಲೆಡ್ಜರಿನಿಂದ ಹೊರಟು ಹುಡುಕುವವರು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಅದು ಅಲ್ಲಿ ಇಲ್ಲವೇ ಇಲ್ಲ.

ನಾಲ್ಕನೆಯ ಹೆಜ್ಜೆ: ಪ್ರಕರಣವನ್ನು ಕೈಗಳಾಗಿ ಬಿಡಿಸುವುದು

ಈಗ ನಿಯಂತ್ರಣದ ಕಡೆಗೆ ಹೊರಳೋಣ. ಈ ಪ್ರಶ್ನೆಯನ್ನು ನೋಡಿ.

‘ಒಂದು ಸಗಟು ವ್ಯಾಪಾರ ಸಂಸ್ಥೆಯಲ್ಲಿ ಗ್ರಾಹಕರು ಕೊಡುವ ನಗದು ಮತ್ತು ಚೆಕ್ಕುಗಳನ್ನು ಲೆಕ್ಕಪತ್ರ ಗುಮಾಸ್ತ ಸ್ವೀಕರಿಸುತ್ತಾನೆ. ಗ್ರಾಹಕರ ಖಾತೆಗಳಲ್ಲಿ ಜಮಾ ಬರೆಯುವವನೂ ಅವನೇ. ವಾರಕ್ಕೆರಡು ಸಲ ಹಣವನ್ನು ಬ್ಯಾಂಕಿಗೆ ಕಟ್ಟುತ್ತಾನೆ. ಸರಕು ವಾಪಸು ಬಂದರೆ ಕ್ರೆಡಿಟ್ ನೋಟನ್ನು ಅವನೇ ಬರೆದು ನೀಡುತ್ತಾನೆ. ಪ್ರತಿ ತಿಂಗಳ ಕೊನೆಯಲ್ಲಿ ವ್ಯವಸ್ಥಾಪಕರು ಸ್ವತಃ ಬ್ಯಾಂಕ್ ಹೊಂದಾಣಿಕೆ ಪಟ್ಟಿ ತಯಾರಿಸುತ್ತಾರೆ. ದೌರ್ಬಲ್ಯಗಳನ್ನು ಗುರುತಿಸಿ, ಪರಿಣಾಮವನ್ನು ತಿಳಿಸಿ, ಪಡೆಯಬೇಕಾದ ಸಾಕ್ಷ್ಯವನ್ನು ಸೂಚಿಸಿ.’

ಉತ್ತರ ಬರೆಯುವ ಮೊದಲು ಕರಡು ಹಾಳೆಯಲ್ಲಿ ನಾಲ್ಕು ಕೆಲಸಗಳನ್ನು ಬರೆದುಕೊಳ್ಳಿ: ಅನುಮೋದಿಸುವುದು, ಹಣ ಅಥವಾ ಸರಕನ್ನು ಕೈಯಲ್ಲಿಟ್ಟುಕೊಳ್ಳುವುದು, ಲೆಕ್ಕ ಬರೆಯುವುದು, ತಾಳೆ ನೋಡುವುದು. ಪ್ರತಿಯೊಂದರ ಎದುರು ಅದನ್ನು ಯಾರು ಮಾಡುತ್ತಾರೆಂದು ಹಾಕಿ. ಇಲ್ಲಿ ಮೊದಲ ಮೂರರ ಎದುರೂ ಗುಮಾಸ್ತನೇ ಬರುತ್ತಾನೆ. ನಾಲ್ಕನೆಯದರ ಎದುರು ವ್ಯವಸ್ಥಾಪಕರು.

ಇಷ್ಟು ಮಾಡಿದ ಕೂಡಲೇ ಬಹಳ ವಿದ್ಯಾರ್ಥಿಗಳು ನೆಮ್ಮದಿಯಿಂದ ಬರೆಯುತ್ತಾರೆ: ‘ಕರ್ತವ್ಯಗಳ ವಿಭಜನೆ ಇಲ್ಲ. ಆದರೆ ಬ್ಯಾಂಕ್ ಹೊಂದಾಣಿಕೆಯನ್ನು ವ್ಯವಸ್ಥಾಪಕರೇ ಮಾಡುವುದರಿಂದ ವಂಚನೆ ಬೆಳಕಿಗೆ ಬರುತ್ತದೆ.’ ಮೊದಲ ವಾಕ್ಯ ಸರಿ. ಎರಡನೆಯದು ಪ್ರಶ್ನೆ ಬರೆದವರು ಇಟ್ಟ ಬೋನು. ಬೋನು ಎಂಬುದು ಅಂಕಿಗಳಿಂದ ಮಾತ್ರ ಗೊತ್ತಾಗುತ್ತದೆ.

ಮೂವರು ಗ್ರಾಹಕರಿದ್ದಾರೆ ಎನ್ನೋಣ: ಕ, ಖ, ಗ. ತಿಂಗಳ 3ನೆಯ ತಾರೀಖು ಕ 40,000 ನಗದು ಕೊಡುತ್ತಾನೆ. ಗುಮಾಸ್ತ ಅದನ್ನು ಜೇಬಿಗಿಳಿಸುತ್ತಾನೆ, ಪುಸ್ತಕದಲ್ಲಿ ಏನನ್ನೂ ಬರೆಯುವುದಿಲ್ಲ. ಕ ಇನ್ನೂ ಬಾಕಿದಾರನಾಗಿ ಉಳಿದರೆ ಅವನಿಂದ ದೂರು ಬರುತ್ತದೆ. ಆದ್ದರಿಂದ 11ನೆಯ ತಾರೀಖು ಖ 55,000ದ ಚೆಕ್ ಕೊಟ್ಟಾಗ ಗುಮಾಸ್ತ ಅದನ್ನು ಒಡೆಯುತ್ತಾನೆ: 40,000 ಕನ ಖಾತೆಗೆ ಜಮಾ, ಉಳಿದ 15,000 ಖನ ಖಾತೆಗೆ. ಈಗ ಖನ ಖಾತೆಯಲ್ಲಿ 40,000ದ ಗುಂಡಿ. 19ನೆಯ ತಾರೀಖು ಗ 60,000ದ ಚೆಕ್ ಕೊಡುತ್ತಾನೆ. ಅದರಲ್ಲಿ 40,000 ಖನ ಗುಂಡಿ ಮುಚ್ಚಲು, 20,000 ಗನ ಖಾತೆಗೆ. ಗುಂಡಿ ಗನ ಖಾತೆಗೆ ಸರಿಯಿತು. ಹೀಗೆ ಒಬ್ಬರ ಹಣದಿಂದ ಮತ್ತೊಬ್ಬರ ಖಾತೆ ತುಂಬುತ್ತಾ ಹೋಗುವ ಆಟಕ್ಕೆ ಲ್ಯಾಪಿಂಗ್ ಎನ್ನುತ್ತಾರೆ. ಕೆಲವು ಪಠ್ಯಗಳು ಟೀಮಿಂಗ್ ಅಂಡ್ ಲೇಡಿಂಗ್ ಎಂದು ಕರೆಯುತ್ತವೆ.

ಈಗ ವ್ಯವಸ್ಥಾಪಕರು ತಿಂಗಳ ಕೊನೆಯಲ್ಲಿ ಪಟ್ಟಿ ಹಿಡಿದು ಕೂರುತ್ತಾರೆ. ಬ್ಯಾಂಕಿಗೆ ಹೋದದ್ದು ಖನ 55,000 ಮತ್ತು ಗನ 60,000, ಒಟ್ಟು 1,15,000. ಪುಸ್ತಕದಲ್ಲಿ ಬರೆದ ಜಮೆ ಎಷ್ಟು? ಕನಿಗೆ 40,000, ಖನಿಗೆ 15,000 ಮತ್ತು 40,000, ಗನಿಗೆ 20,000. ಒಟ್ಟು 1,15,000. ಎರಡೂ ಕಡೆ ಅಷ್ಟೇ. ವ್ಯವಸ್ಥಾಪಕರು ಎಷ್ಟೇ ಶ್ರದ್ಧೆಯಿಂದ ತಾಳೆ ನೋಡಿದರೂ ಒಂದು ಪೈಸೆಯ ವ್ಯತ್ಯಾಸ ಸಿಗುವುದಿಲ್ಲ. ಕದ್ದ ಹಣ ಪುಸ್ತಕಕ್ಕೂ ಬರಲಿಲ್ಲ, ಬ್ಯಾಂಕಿಗೂ ಹೋಗಲಿಲ್ಲ. ಪುಸ್ತಕ ಮತ್ತು ಬ್ಯಾಂಕನ್ನು ಹೋಲಿಸುವ ನಿಯಂತ್ರಣಕ್ಕೆ ಎರಡರಲ್ಲೂ ಇಲ್ಲದ್ದು ಕಾಣುವುದಾದರೂ ಹೇಗೆ?

ಹೊಂದಾಣಿಕೆ ಪಟ್ಟಿ ಕೆಲಸಕ್ಕೆ ಬಾರದ್ದು ಎಂದು ಇದರಿಂದ ತೀರ್ಮಾನಿಸಬೇಡಿ. ಗುಮಾಸ್ತ ಕನ 40,000ವನ್ನು ಪುಸ್ತಕದಲ್ಲಿ ಬರೆದು ಬ್ಯಾಂಕಿಗೆ ಕಟ್ಟದೇ ಇದ್ದಿದ್ದರೆ ಇದೇ ಪಟ್ಟಿ ಅವನನ್ನು ಹಿಡಿಯುತ್ತಿತ್ತು. ನಿಯಂತ್ರಣ ಇದೆಯೇ ಇಲ್ಲವೇ ಎಂದು ಕೇಳಿ ನಿಲ್ಲಬಾರದು. ಈ ಬಗೆಯ ತಪ್ಪನ್ನು ಈ ನಿಯಂತ್ರಣ ಹಿಡಿಯುತ್ತದೆಯೇ ಎಂದು ಕೇಳಬೇಕು. ‘ಪರ್ಯಾಯ ನಿಯಂತ್ರಣ ಇದೆ’ ಎಂದು ಬರೆಯುವ ಮುನ್ನ ಹೀಗೆ ಒಂದು ಕಳ್ಳತನವನ್ನು ಮನಸ್ಸಿನಲ್ಲೇ ನಡೆಸಿ, ಆ ನಿಯಂತ್ರಣ ಎಲ್ಲಿ ಅಡ್ಡ ಬರುತ್ತದೆ ಎಂದು ನೋಡುವುದು ನನ್ನ ಅಭ್ಯಾಸ.

ಐದನೆಯ ಹೆಜ್ಜೆ: ಯಾವ ಸಾಕ್ಷ್ಯ ಇದನ್ನು ಹಿಡಿಯುತ್ತದೆ?

ಪ್ರಶ್ನೆಯ ಕೊನೆಯ ಭಾಗ ಸಾಕ್ಷ್ಯ. ಬಾಕಿದಾರರ ಮಾತು ಬಂದಾಕ್ಷಣ ಕೈ ತಾನಾಗಿಯೇ ‘ಬಾಹ್ಯ ದೃಢೀಕರಣ’ ಎಂದು ಬರೆಯುತ್ತದೆ. ಮೆಟ್ಟಿಲುಗಳಲ್ಲಿ ಅದು ಬಹಳ ಮೇಲಿದೆ ನಿಜ. ಆದರೆ ಇಲ್ಲಿ ಅದು ಏನು ಹೇಳುತ್ತದೆ ಎಂಬುದು ಯಾವಾಗ ಕೇಳಿದಿರಿ ಎಂಬುದರ ಮೇಲೆ ನಿಂತಿದೆ.

20ನೆಯ ತಾರೀಖು ಗನಿಗೆ ಪತ್ರ ಬರೆದರೆ ಅವನು, ‘ನಾನು 60,000 ಕಟ್ಟಿದ್ದೇನೆ, ನಿಮ್ಮ ಲೆಕ್ಕದಲ್ಲಿ 40,000 ಹೆಚ್ಚು ಬಾಕಿ ತೋರಿಸಿದ್ದೀರಿ’ ಎಂದು ಉತ್ತರಿಸುತ್ತಾನೆ. ಸಿಕ್ಕಿಬಿದ್ದಂತೆ. ಆದರೆ ಗುಮಾಸ್ತನ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ ಎಂದು ಪ್ರಶ್ನೆಯೇ ಹೇಳಿದೆ. ತಿಂಗಳ ಕೊನೆಯ ದಿನ ಅವನು ಗನ ಹೆಸರಿನಲ್ಲಿ ‘ಹಾಳಾದ ಸರಕು ವಾಪಸು’ ಎಂದು 40,000ದ ಕ್ರೆಡಿಟ್ ನೋಟ್ ಬರೆಯುತ್ತಾನೆ. ಗನ ಖಾತೆಗೆ 20,000 ಜಮೆ, 40,000 ಕ್ರೆಡಿಟ್ ನೋಟ್. ಒಟ್ಟು 60,000 ಇಳಿಯಿತು. ಗ ಕಟ್ಟಿದ್ದೂ ಅಷ್ಟೇ. ಈಗ ತಿಂಗಳ ಕೊನೆಯ ಬಾಕಿಯ ಬಗ್ಗೆ ಪತ್ರ ಬರೆದರೆ ಗ ಸಂತೋಷದಿಂದ ‘ಸರಿ ಇದೆ’ ಎಂದು ಸಹಿ ಹಾಕಿ ಕಳುಹಿಸುತ್ತಾನೆ. ಪತ್ರ ಹೊರಗಿನದು, ಲಿಖಿತವಾದದ್ದು, ನೇರವಾಗಿ ಬಂದದ್ದು. ಕಳ್ಳತನ ಮಾತ್ರ ಹಾಗೆಯೇ ಮುಚ್ಚಿಹೋಯಿತು.

ಗ ಸುಳ್ಳು ಹೇಳಲಿಲ್ಲ. ಅವನನ್ನು ಕೇಳಿದ್ದು ಬಾಕಿ ಎಷ್ಟು ಎಂದು, ಅವನು ಅದಕ್ಕೆ ಸರಿಯಾದ ಉತ್ತರ ಕೊಟ್ಟ. ತಪ್ಪು ಈಗ ಇರುವುದು ಬಾಕಿದಾರರ ಖಾತೆಯಲ್ಲಲ್ಲ, ಮಾರಾಟ ವಾಪಸಿನ ಖಾತೆಯಲ್ಲಿ. ನಡೆಯದ ವಾಪಸು 40,000 ಅಲ್ಲಿ ಕುಳಿತಿದೆ. ಅದನ್ನು ಹಿಡಿಯಬೇಕಾದರೆ ಕ್ರೆಡಿಟ್ ನೋಟಿನಿಂದ ಹೊರಟು ಗೋದಾಮಿನವರು ಬರೆದ ಸರಕು ವಾಪಸು ಚೀಟಿಯನ್ನು ಹುಡುಕಬೇಕು. ಗೋದಾಮಿನ ಚೀಟಿ ಮೆಟ್ಟಿಲುಗಳಲ್ಲಿ ಕೆಳಗಿರುವ ಒಳಗಿನ ದಾಖಲೆ. ಆದರೂ ಅದನ್ನು ಬರೆಯುವವರು ಗುಮಾಸ್ತನಲ್ಲದ ಬೇರೆ ಸಿಬ್ಬಂದಿಯಾದರೆ, ಇಲ್ಲಿ ಅದು ಗನ ಪತ್ರಕ್ಕಿಂತ ಹೆಚ್ಚು ಮಾತಾಡುತ್ತದೆ. ಪ್ರಸ್ತುತತೆ ಇಲ್ಲದ ನಂಬಿಕೆಗೆ ಎಷ್ಟು ಬೆಲೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ಸಾಕ್ಷ್ಯ ಬ್ಯಾಂಕಿಗೆ ಹಣ ಕಟ್ಟಿದ ಚಲನ್. 11ನೆಯ ತಾರೀಖಿನ ಚಲನ್‌ನಲ್ಲಿ ಖನ ಹೆಸರಿನ 55,000ದ ಒಂದೇ ಚೆಕ್ ಇರುತ್ತದೆ. ಅದೇ ದಿನದ ಪುಸ್ತಕದಲ್ಲಿ ಕ 40,000, ಖ 15,000 ಎಂದು ಎರಡು ಸಾಲು. ಒಟ್ಟು ಮೊತ್ತವನ್ನು ಮಾತ್ರ ನೋಡುವವರಿಗೆ ವ್ಯತ್ಯಾಸ ಇಲ್ಲ; ಸಾಲು ಸಾಲಾಗಿ ಹೆಸರನ್ನು ಹೋಲಿಸುವವರಿಗೆ ಮೊದಲ ಚಲನ್‌ನಲ್ಲೇ ವ್ಯತ್ಯಾಸ. ಇಲ್ಲಿ ಮೊದಲ ಹೆಜ್ಜೆಯ ಪ್ರಶ್ನೆ ಮತ್ತೆ ಏಳುತ್ತದೆ: ಚಲನ್ ಯಾರ ಕೈಯಲ್ಲಿತ್ತು? ಗುಮಾಸ್ತನ ಫೈಲಿನಲ್ಲಿರುವ ಪ್ರತಿಯನ್ನು ಅವನು ತಿದ್ದಿರಬಹುದು. ಆದ್ದರಿಂದ ವಿವರವನ್ನು ಬ್ಯಾಂಕಿನಿಂದಲೇ ಪಡೆಯಬೇಕು ಎಂದು ಬರೆಯಿರಿ.

ದೃಢೀಕರಣಕ್ಕೆ ಉತ್ತರವೇ ಬರದಿದ್ದರೆ ಏನು ಎಂದು ಕೇಳಿದರೆ ಗಾಬರಿಯಾಗಬೇಡಿ. ಒಪ್ಪಿದರೂ ಒಪ್ಪದಿದ್ದರೂ ಉತ್ತರಿಸಿ ಎಂದು ಕೇಳಿದ ಪತ್ರಕ್ಕೆ ಉತ್ತರ ಬಾರದಿದ್ದರೆ ಪರ್ಯಾಯ ವಿಧಾನಗಳು ಬೇಕು: ವರ್ಷಾಂತ್ಯದ ನಂತರ ಆ ಗ್ರಾಹಕ ಹಣ ಕಟ್ಟಿದ್ದಾನೆಯೇ, ಸರಕು ತಲುಪಿಸಿದ ಚೀಟಿಯಲ್ಲಿ ಅವನ ಸಹಿ ಇದೆಯೇ ಎಂದು ನೋಡುವುದು. ಒಪ್ಪದಿದ್ದರೆ ಮಾತ್ರ ಉತ್ತರಿಸಿ ಎಂದು ಕೇಳಿದ ಪತ್ರದ ವಿಷಯದಲ್ಲಿ ಮೌನವನ್ನು ಒಪ್ಪಿಗೆ ಎಂದು ಓದುವ ಹಾಗಾಗುತ್ತದೆ. ಆದರೆ ಪತ್ರ ಕಸದ ಬುಟ್ಟಿಗೆ ಹೋಗಿದ್ದರೂ ಮೌನವೇ ತಾನೇ? ಅದಕ್ಕೇ ಆ ಬಗೆಯ ದೃಢೀಕರಣಕ್ಕೆ ತೂಕ ಕಡಿಮೆ.

ಆರನೆಯ ಹೆಜ್ಜೆ: ದೌರ್ಬಲ್ಯವನ್ನು ಬರೆಯುವುದು

ಒಂದು ದೌರ್ಬಲ್ಯಕ್ಕೆ ನಾಲ್ಕು ತುಣುಕುಗಳು ಸಾಕು: ಪ್ರಶ್ನೆಯಲ್ಲಿದ್ದ ಸಂಗತಿ, ಅದರಿಂದ ಉಂಟಾದ ಬಿರುಕು, ಯಾವ ಖಾತೆಯಲ್ಲಿ ಏನು ತಪ್ಪಬಹುದು, ಯಾರು ಯಾವಾಗ ಏನು ಮಾಡಬೇಕು. ನಮ್ಮ ಪ್ರಕರಣದ ಒಂದು ಅಂಶ ಹೀಗಿರಬಹುದು:

‘ಕ್ರೆಡಿಟ್ ನೋಟ್‌ಗಳನ್ನು ಗುಮಾಸ್ತನೇ ಬರೆದು ನೀಡುತ್ತಾನೆ, ಹಣ ಸ್ವೀಕರಿಸುವವನೂ ಅವನೇ. ಬೇರೆಯವರ ಅನುಮೋದನೆ ಇಲ್ಲದ ಕಾರಣ, ಜಮಾ ಬರೆಯದ ಹಣವನ್ನು ನಡೆಯದ ಸರಕು ವಾಪಸಿನ ಹೆಸರಿನಲ್ಲಿ ಮುಚ್ಚಿಡಬಹುದು. ಇದರಿಂದ ಮಾರಾಟ ವಾಪಸು ಹೆಚ್ಚಾಗಿಯೂ ಲಾಭ ಕಡಿಮೆಯಾಗಿಯೂ ತೋರುತ್ತದೆ. ಪ್ರತಿ ಕ್ರೆಡಿಟ್ ನೋಟಿಗೂ ಗೋದಾಮಿನ ವಾಪಸು ಚೀಟಿಯನ್ನು ಲಗತ್ತಿಸಬೇಕು. ಹಣವನ್ನು ಮುಟ್ಟದ ಅಧಿಕಾರಿಯೊಬ್ಬರು, ಗ್ರಾಹಕರ ಖಾತೆಗೆ ಏರಿಸುವ ಮೊದಲೇ ಅದನ್ನು ಅನುಮೋದಿಸಬೇಕು.’

‘ಮೇಲ್ವಿಚಾರಣೆಯನ್ನು ಬಲಪಡಿಸಬೇಕು’ ಎಂಬ ಸಲಹೆಗೂ ಇದಕ್ಕೂ ಇರುವ ಅಂತರ ನೋಡಿ. ಯಾವ ಕಾಗದ, ಯಾರ ಸಹಿ, ಯಾವ ಗಳಿಗೆಯಲ್ಲಿ ಎಂದು ಹೇಳಿದ್ದರಿಂದ ಸಲಹೆಯನ್ನು ನಾಳೆಯೇ ಜಾರಿಗೆ ತರಬಹುದು. ಸಂಸ್ಥೆ ಚಿಕ್ಕದೆಂದು ಪ್ರಶ್ನೆ ಹೇಳಿದ್ದರೆ ಮೂವರನ್ನು ಹೊಸದಾಗಿ ನೇಮಿಸಿ ಎಂದು ಬರೆಯಬೇಡಿ. ಮಾಲೀಕರೇ ಚೆಕ್ಕುಗಳ ಪಟ್ಟಿ ಮಾಡಿ ಆಮೇಲೆ ಗುಮಾಸ್ತನಿಗೆ ಕೊಡಲಿ, ತಿಂಗಳಿಗೊಮ್ಮೆ ಪ್ರತಿ ಗ್ರಾಹಕರಿಗೂ ವ್ಯವಹಾರಗಳ ಪೂರ್ತಿ ವಿವರವುಳ್ಳ ಪಟ್ಟಿಯನ್ನು ತಾವೇ ಕಳುಹಿಸಲಿ. ಬರೀ ಬಾಕಿ ಮೊತ್ತ ನೋಡಿ ಸುಮ್ಮನಾದ ಗ, ಪೂರ್ತಿ ಪಟ್ಟಿ ಕೈಗೆ ಬಂದರೆ ‘ನಾನು ಸರಕನ್ನೇ ಹಿಂತಿರುಗಿಸಿಲ್ಲವಲ್ಲ’ ಎನ್ನುತ್ತಾನೆ.

ಪ್ರಶ್ನೆಯಲ್ಲಿಲ್ಲದ ಸಂಗತಿಗಳನ್ನು ಹೊಲಿಯುವುದು ಇನ್ನೊಂದು ಸಾಮಾನ್ಯ ತಪ್ಪು. ಕಂಪ್ಯೂಟರಿಗೆ ಪಾಸ್‌ವರ್ಡ್ ಇಲ್ಲ, ಗೋದಾಮಿಗೆ ಕಾವಲಿಲ್ಲ ಎಂದೆಲ್ಲ ಬರೆದವರ ಹಾಳೆಗಳು ನನ್ನ ಬಳಿ ರಾಶಿ ಬಿದ್ದಿವೆ. ಪ್ರಶ್ನೆ ಅದರ ಬಗ್ಗೆ ಏನೂ ಹೇಳಿಲ್ಲವೆಂದರೆ ನೀವೂ ಹೇಳಬೇಡಿ.

ಏಳನೆಯ ಹೆಜ್ಜೆ: ಎಷ್ಟು ಗಂಭೀರ?

ಮಾನದಂಡ 265 ಎರಡು ಹಂತಗಳನ್ನು ಹೇಳುತ್ತದೆ: ಕೊರತೆ, ಮತ್ತು ಮಹತ್ವದ ಕೊರತೆ. ತಪ್ಪನ್ನು ಸಕಾಲದಲ್ಲಿ ತಡೆಯಲು ಅಥವಾ ಪತ್ತೆಹಚ್ಚಿ ಸರಿಪಡಿಸಲು ನಿಯಂತ್ರಣಕ್ಕೆ ಆಗದಿದ್ದರೆ, ಅಥವಾ ಬೇಕಾದ ನಿಯಂತ್ರಣವೇ ಇಲ್ಲದಿದ್ದರೆ, ಅದು ಕೊರತೆ. ಪರಿಶೋಧಕರ ವೃತ್ತಿಪರ ತೀರ್ಮಾನದಲ್ಲಿ ಆಡಳಿತದ ಹೊಣೆ ಹೊತ್ತವರ ಗಮನಕ್ಕೆ ತರಲೇಬೇಕಾದಷ್ಟು ಮುಖ್ಯವಾದರೆ ಅದು ಮಹತ್ವದ ಕೊರತೆ, ಅದನ್ನು ಲಿಖಿತವಾಗಿ ತಿಳಿಸಬೇಕು. ‘ಗಣನೀಯ ದೌರ್ಬಲ್ಯ’ ಎಂಬ ಮೂರನೆಯ ಮೆಟ್ಟಿಲು ಅಮೆರಿಕದ ಮಾನದಂಡಗಳಲ್ಲಿದೆ, ಇದರಲ್ಲಿ ಇಲ್ಲ. ನಿಮ್ಮ ಪಠ್ಯಕ್ರಮ ಯಾವುದನ್ನು ಅನುಸರಿಸುತ್ತದೆ ಎಂದು ನೋಡಿಕೊಂಡು ಪದ ಬಳಸಿ.

ಇಲ್ಲಿ ಎರಡು ಜಾರುಬಂಡೆಗಳಿವೆ. ಒಂದು, ‘ಪರಿಶೋಧನೆಯಲ್ಲಿ ಯಾವ ತಪ್ಪೂ ಸಿಗಲಿಲ್ಲ, ಆದ್ದರಿಂದ ಕೊರತೆ ಮಹತ್ವದ್ದಲ್ಲ’ ಎನ್ನುವುದು. ತಪ್ಪು ನಡೆದಿದೆಯೇ ಎಂಬುದರ ಜೊತೆಗೆ ನಡೆಯಲು ಎಷ್ಟು ಅವಕಾಶವಿದೆ, ಎಷ್ಟು ದೊಡ್ಡದಾಗಬಹುದು ಎಂಬುದನ್ನೂ ಅಳೆಯಬೇಕು. ಗುಮಾಸ್ತ ಪ್ರಾಮಾಣಿಕನಾಗಿದ್ದರೂ ಬಾಗಿಲು ತೆರೆದೇ ಇದೆ. ನಮ್ಮ ಪ್ರಕರಣದಲ್ಲಿ ನಗದು ಸುಲಭವಾಗಿ ಕದಿಯಬಹುದಾದ ಆಸ್ತಿ, ಗ್ರಾಹಕರ ಜಮೆಯೆಲ್ಲ ಈ ಒಂದೇ ಕೈ ಹಾದು ಹೋಗುತ್ತದೆ, ಹಣ ಮತ್ತು ಕ್ರೆಡಿಟ್ ನೋಟ್ ಎಂಬ ಎರಡು ಕೊರತೆಗಳು ಒಂದನ್ನೊಂದು ಮುಚ್ಚುತ್ತವೆ, ಇರುವ ಒಂದೇ ತಾಳೆ ಆ ಕಳ್ಳತನವನ್ನು ಕಾಣಲಾರದು. ಈ ನಾಲ್ಕು ಕಾರಣ ಕೊಟ್ಟು ಮಹತ್ವದ ಕೊರತೆ ಎಂದು ಬರೆಯುತ್ತೇನೆ.

ಎರಡು, ವಿನ್ಯಾಸದ ದೋಷ ಮತ್ತು ಪಾಲನೆಯ ದೋಷವನ್ನು ಕಲಸುವುದು. ‘ಕ್ರೆಡಿಟ್ ನೋಟಿಗೆ ವ್ಯವಸ್ಥಾಪಕರ ಸಹಿ ಬೇಕೆಂಬ ನಿಯಮ ಇದೆ; ಪರೀಕ್ಷಿಸಿದ 25ರಲ್ಲಿ 4ಕ್ಕೆ ಸಹಿ ಇಲ್ಲ’ ಎಂದರೆ ನಿಯಮ ಸರಿಯಾಗಿದೆ, ನಡೆಸುವುದು ತಪ್ಪಿದೆ. ಅಂಥ ಪ್ರಶ್ನೆಗೆ ‘ಅನುಮೋದನೆಯ ವ್ಯವಸ್ಥೆ ಮಾಡಬೇಕು’ ಎಂದು ಸಲಹೆ ಕೊಟ್ಟರೆ ನೀವು ಪ್ರಶ್ನೆ ಓದಿಲ್ಲ ಎಂದಾಗುತ್ತದೆ. ಸಹಿ ಇಲ್ಲದ ಕ್ರೆಡಿಟ್ ನೋಟನ್ನು ಖಾತೆಗೆ ಏರಿಸಲು ಆಗದಂತೆ ಮಾಡಬೇಕು ಎನ್ನುವುದು ಆ ಪ್ರಶ್ನೆಗೆ ತಕ್ಕ ಉತ್ತರ. ಉಳಿದ 21ರ ಮೇಲಿರುವ ಸಹಿಗಳನ್ನೂ ಸುಮ್ಮನೆ ನಂಬಬೇಕಿಲ್ಲ. ಸಹಿ ಬಿದ್ದಿದೆ ಎಂಬುದರಿಂದ ಓದಿ ನೋಡಿದ್ದಾರೆ ಎಂದಾಗುವುದಿಲ್ಲ. ವ್ಯವಸ್ಥಾಪಕರನ್ನು ಕೇಳಿದರೆ ‘ಪ್ರತಿಯೊಂದನ್ನೂ ನೋಡಿಯೇ ಸಹಿ ಹಾಕುತ್ತೇನೆ’ ಎಂದೇ ಹೇಳುತ್ತಾರೆ. ನಿಯಂತ್ರಣ ನಡೆಯುತ್ತಿದೆ ಎನ್ನಲು ವಿಚಾರಣೆಯೊಂದೇ ಸಾಲದು ಎಂಬ ನಿಯಮ ಇದಕ್ಕಾಗಿಯೇ ಇದೆ. ಸಹಿ ಬಿದ್ದ ಒಂದು ನೋಟನ್ನು ತೆಗೆದುಕೊಂಡು ಗೋದಾಮಿನ ಚೀಟಿಯೊಂದಿಗೆ, ಸರಕಿನ ಸಂಖ್ಯೆ ಮತ್ತು ದರದೊಂದಿಗೆ ತಾವೇ ತಾಳೆ ನೋಡಬೇಕು. ಇದು ಏಳರಲ್ಲಿ ಯಾವ ವಿಧಾನ? ವ್ಯವಸ್ಥಾಪಕರು ಮಾಡಬೇಕಿದ್ದ ಕೆಲಸವನ್ನೇ ಪರಿಶೋಧಕರು ಮತ್ತೊಮ್ಮೆ ಮಾಡಿದ್ದರಿಂದ ಮರುನಿರ್ವಹಣೆ. ನೋಟಿನ ಮೇಲೆ ಸಹಿ ಇದೆಯೇ ಎಂದು ನೋಡಿ ಮುಂದಿನ ಹಾಳೆಗೆ ಹೋಗಿದ್ದರೆ ಅದು ಬರೀ ಪರಿಶೀಲನೆ.